ಮಳೆ ಬಂತು, ಗುಡ್ಡ ಜಾರಿತು: ಇಷ್ಟೇ ಹೇಳಿದ್ರೆ ಸಾಕಾ?

ಗುಡ್ಡ ಜಾರಿದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷ "ಮಳೆ ಜಾಸ್ತಿಯಾಯ್ತು, ಯಾರೇನು ಮಾಡೋಕಾಗುತ್ತೆ" ಅನ್ನುತ್ತದೆ. ಇನ್ನೊಂದು ಪಕ್ಷ "ಗುಡ್ಡ ಕಡಿದವರು ಯಾರು" ಅಂತ ಕೇಳುತ್ತದೆ. ಎರಡೂ ಟಿವಿ ಚರ್ಚೆಯಲ್ಲಿ ಅರ್ಧ ಗಂಟೆ ಕೂಗಾಡಿ ಎದ್ದು ಹೋಗುತ್ತವೆ. ಮಣ್ಣಿನ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ ನನಗೆ ಈ ಚರ್ಚೆ ಕೇಳುವಾಗೆಲ್ಲ ಒಂದೇ ಪ್ರಶ್ನೆ ಬರುತ್ತದೆ: ಆ ಮಣ್ಣಿನಲ್ಲಿ ಉಳಿದಿದ್ದ ಬಲ ಎಷ್ಟಿತ್ತು? ಅದನ್ನು ಅಳೆದವರು ಯಾರಾದರೂ ಇದ್ದಾರಾ?

ಅಳೆಯಲು ಯಂತ್ರವಿದೆ. ರಿಂಗ್ ಶಿಯರ್ ಅಂತ ಅದರ ಹೆಸರು. ಅದು ಕೊಡುವ ಒಂದು ಸಂಖ್ಯೆ ಎಷ್ಟು ದೊಡ್ಡ ರಾಜಕೀಯ ಪ್ರಶ್ನೆಗಳನ್ನು ಹೊತ್ತಿರುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಪೋರ್ಚುಗೀಸ್ ಬೆಂಡ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಲಾಸ್ ಏಂಜಲೀಸ್‌ನ ದಕ್ಷಿಣಕ್ಕೆ, ಪೆಸಿಫಿಕ್ ಸಮುದ್ರದ ದಂಡೆಯಲ್ಲಿ ರ‍್ಯಾಂಚೊ ಪಾಲೊಸ್ ವರ್ಡೀಸ್ ಅನ್ನುವ ಊರಿದೆ. ದುಡ್ಡಿದ್ದವರ ಊರು. ಅದರ ಒಂದು ಭಾಗ ಪೋರ್ಚುಗೀಸ್ ಬೆಂಡ್. ಈ ಇಳಿಜಾರು ಸಾವಿರಾರು ವರ್ಷಗಳ ಹಿಂದೆಯೇ ಒಮ್ಮೆ ಸಮುದ್ರದ ಕಡೆಗೆ ಜಾರಿ ನಿಂತಿದ್ದ ಜಾಗ. ಇದೇನು ಗುಟ್ಟಿನ ವಿಷಯವಾಗಿರಲಿಲ್ಲ. 1946ರಲ್ಲೇ ಅಮೆರಿಕದ ಭೂಗರ್ಭ ಸರ್ವೇ ಇಲಾಖೆಯ ವರದಿಯಲ್ಲಿ ಇಲ್ಲಿನ ಹಳೇ ಭೂಕುಸಿತದ ದಾಖಲೆಯಿತ್ತು. ಆದರೂ ಮನೆಗಳು ಎದ್ದವು. 1956ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಸರ್ಕಾರ ಕ್ರೆನ್‌ಷಾ ಬುಲೆವಾರ್ಡ್ ರಸ್ತೆಯನ್ನು ವಿಸ್ತರಿಸಲು ಇಳಿಜಾರಿನ ಮೇಲ್ಭಾಗಕ್ಕೆ ಭಾರೀ ಪ್ರಮಾಣದ ಮಣ್ಣು ತಂದು ಸುರಿಯಿತು. ಅದೇ ವರ್ಷ ಗುಡ್ಡ ಮತ್ತೆ ಚಲಿಸತೊಡಗಿತು. ನೂರಕ್ಕೂ ಹೆಚ್ಚು ಮನೆಗಳು ಹಾಳಾದವು. ಆ ಚಲನೆ ಇವತ್ತಿನವರೆಗೂ ಪೂರ್ತಿ ನಿಂತಿಲ್ಲ.

2022-23 ಮತ್ತು 2023-24ರ ಚಳಿಗಾಲಗಳಲ್ಲಿ ಅಲ್ಲಿ ಜೋರು ಮಳೆಯಾಯ್ತು. ವರ್ಷಕ್ಕೆ ಇಷ್ಟು ಅಡಿ ಅಂತ ಸರಿಯುತ್ತಿದ್ದ ನೆಲ, 2024ರ ಆಗಸ್ಟ್ ಹೊತ್ತಿಗೆ ಕೆಲವು ಕಡೆ ವಾರಕ್ಕೆ ಸುಮಾರು ಒಂದು ಅಡಿ ಸರಿಯತೊಡಗಿತು. ವಾಸ್ತುಶಿಲ್ಪಿ ಲಾಯ್ಡ್ ರೈಟ್ ವಿನ್ಯಾಸ ಮಾಡಿದ, 1951ರಲ್ಲಿ ತೆರೆದ ಗಾಜಿನ ವೇಫೇರರ್ಸ್ ಚಾಪೆಲ್ ಅನ್ನು ಬಿಡಿಬಿಡಿಯಾಗಿ ಬಿಚ್ಚಿ ಇಡಬೇಕಾಯ್ತು. ಗ್ಯಾಸ್ ಮತ್ತು ಕರೆಂಟ್ ಕಂಪನಿಗಳು ನೂರಾರು ಮನೆಗಳ ಸಂಪರ್ಕ ಕಡಿದವು. ಸೆಪ್ಟೆಂಬರ್‌ನಲ್ಲಿ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದರು.

ಮಳೆ ಬಂದಿದ್ದು ಚಳಿಗಾಲದಲ್ಲಿ, ನೆಲ ಅತಿ ವೇಗವಾಗಿ ಓಡಿದ್ದು ಬಿರುಬೇಸಿಗೆಯಲ್ಲಿ. ಇದು ಹೇಗೆ ಅಂತ ನೀವು ಕೇಳಬಹುದು. ಅಲ್ಲಿಂದಲೇ ಶುರು ಮಾಡೋಣ.

ಈ ಗುಡ್ಡದೊಳಗೆ ಶೇಲ್ ಕಲ್ಲಿನ ಪದರಗಳಿವೆ. ಅವುಗಳ ನಡುವೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬಿದ್ದ ಜ್ವಾಲಾಮುಖಿಯ ಬೂದಿ ಕೊಳೆತು ಆದ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ತೆಳು ಪದರಗಳಿವೆ. ಪದರಗಳೆಲ್ಲ ಸಮುದ್ರದ ಕಡೆಗೆ ಅಷ್ಟಿಷ್ಟು ಬಾಗಿವೆ. ಬೆಂಟೊನೈಟ್‌ನ ಕಣಗಳು ಉಂಡೆಯಲ್ಲ, ಹಾಳೆಗಳು. ಕಣ್ಣಿಗೆ ಕಾಣದಷ್ಟು ಸಣ್ಣ, ಚಪ್ಪಟೆ ಹಾಳೆಗಳು. ಇಸ್ಪೀಟ್ ಎಲೆಗಳನ್ನು ಚೆಲ್ಲಾಪಿಲ್ಲಿ ಎಸೆದು ಗುಡ್ಡೆ ಹಾಕಿದರೆ ಅದನ್ನು ತಳ್ಳುವುದು ಕಷ್ಟ, ಎಲೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದೇ ಎಲೆಗಳನ್ನು ಕಟ್ಟು ಜೋಡಿಸಿ ಮೇಲಿನ ಅರ್ಧವನ್ನು ಬೆರಳಿಂದ ತಳ್ಳಿ ನೋಡಿ, ಸುಲಭವಾಗಿ ಜಾರುತ್ತದೆ. ಜೇಡಿಯಲ್ಲೂ ಆಗುವುದು ಇದೇ. ಮೊದಲ ಸಲ ಜಾರುವಾಗ ಕಣಗಳು ಅಡ್ಡಾದಿಡ್ಡಿ ಇರುವುದರಿಂದ ಮಣ್ಣು ಜೋರಾಗಿ ತಡೆಯುತ್ತದೆ. ಜಾರುತ್ತಾ ಹೋದಂತೆ ಹಾಳೆಗಳೆಲ್ಲ ಜಾರುವ ದಿಕ್ಕಿಗೇ ಮಲಗುತ್ತವೆ, ಮೇಲ್ಮೈ ಕನ್ನಡಿಯಂತೆ ನುಣುಪಾಗುತ್ತದೆ, ತಡೆಯುವ ಬಲ ಇಳಿಯುತ್ತಾ ಹೋಗಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇನ್ನೆಷ್ಟು ಜಾರಿಸಿದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಆ ಕೊನೆಯ ಮಟ್ಟವೇ ಉಳಿಕೆ ಬಲ, ಇಂಗ್ಲಿಷಿನಲ್ಲಿ ರೆಸಿಡ್ಯುಯಲ್ ಸ್ಟ್ರೆಂಗ್ತ್. ಬ್ರಿಟನ್ನಿನ ಮಣ್ಣು ವಿಜ್ಞಾನಿ ಸ್ಕೆಂಪ್ಟನ್ 1964ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಇದನ್ನು ಇಳಿಜಾರುಗಳ ಲೆಕ್ಕದ ಮಧ್ಯಕ್ಕೆ ತಂದು ನಿಲ್ಲಿಸಿದರು.

ಹಳೇ ಜಾರುಪದರ ಅಂದರೆ ಈ ಕೆಲಸ ಯಾವತ್ತೋ ಮುಗಿದುಹೋದ ಜಾಗ. ಹಾಳೆಗಳು ಮಲಗಿ ಆಗಿದೆ. ಮೇಲೆ ಹುಲ್ಲು ಬೆಳೆಯಲಿ, ಬಂಗಲೆ ಬೆಳೆಯಲಿ, ಕೆಳಗಿನ ಜೇಡಿ ತನ್ನ ಹಳೇ ಬಲವನ್ನು ವಾಪಸ್ ಪಡೆಯುವುದಿಲ್ಲ. ತೆಳುವಾದ ಕುಸಿತಗಳಲ್ಲಿ ವರ್ಷಗಟ್ಟಲೆ ಸುಮ್ಮನಿದ್ದರೆ ಸ್ವಲ್ಪ ಚೇತರಿಕೆ ಕಂಡಿದ್ದಿದೆ, ಆದರೆ ಕೊಂಚ ಅಲುಗಿದರೂ ಅದು ಹೊರಟುಹೋಗುತ್ತದೆ.

ಇದನ್ನು ಅಳೆಯುವುದು ಹೇಗೆ? ಮಾಮೂಲಿ ಲ್ಯಾಬಿನಲ್ಲಿರುವ ಶಿಯರ್ ಬಾಕ್ಸ್‌ನಲ್ಲಿ ಮಣ್ಣನ್ನು ಕೆಲವೇ ಮಿಲಿಮೀಟರ್ ಜಾರಿಸಬಹುದು. ಅಷ್ಟರಲ್ಲಿ ಪೆಟ್ಟಿಗೆಯ ಅಂಚು ಬಂದುಬಿಡುತ್ತದೆ. ಮತ್ತೆ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಮಲಗುತ್ತಿದ್ದ ಹಾಳೆಗಳು ದಿಕ್ಕು ಬದಲಿಸಿ ಕದಡುತ್ತವೆ. ಉಂಗುರದ ಆಕಾರದ ಯಂತ್ರ ಬಂದಿದ್ದು ಇದಕ್ಕೇ. ಉಂಗುರಕ್ಕೆ ಅಂಚೇ ಇಲ್ಲ, ಒಂದೇ ದಿಕ್ಕಿನಲ್ಲಿ ಎಷ್ಟು ಬೇಕಾದರೂ ತಿರುಗಿಸುತ್ತಾ ಹೋಗಬಹುದು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ರೋಮ್‌ಹೆಡ್ 1979ರಲ್ಲಿ ಪ್ರಕಟಿಸಿದ ಸರಳ ಮಾದರಿ. ಅದರಲ್ಲಿ ಮಣ್ಣಿನ ಉಂಗುರದ ಹೊರ ವ್ಯಾಸ 100 ಮಿ.ಮೀ., ಒಳ ವ್ಯಾಸ 70 ಮಿ.ಮೀ., ದಪ್ಪ ಬರೀ 5 ಮಿ.ಮೀ. ನೋಡಿದರೆ ಮನೆಯಲ್ಲಿ ಮಾಡಿದ ಸಣ್ಣ ಕೋಡುಬಳೆ ತಟ್ಟೆಗೆ ಒತ್ತಿಟ್ಟ ಹಾಗಿರುತ್ತದೆ.

ಜಾರುಪದರದಿಂದಲೇ ತಂದ ಜೇಡಿಯನ್ನು ನೀರಲ್ಲಿ ಕಲಸಿ, ಕಲ್ಲುಚೂರು ತೆಗೆದು, ಉಂಗುರದ ಗುಂಡಿಗೆ ಗಾಳಿ ಇಲ್ಲದಂತೆ ಒತ್ತಿ ತುಂಬುತ್ತಾರೆ. ಮೇಲಿಂದ ತೂಕ ಹಾಕಿ ನೀರು ಹಿಂಡಿಹೋಗುವವರೆಗೆ ಬಿಡುತ್ತಾರೆ. ಆ ತೂಕ ಗುಡ್ಡದಲ್ಲಿ ಆ ಪದರದ ಮೇಲೆ ನಿಜಕ್ಕೂ ಇರುವ ಒತ್ತಡಕ್ಕೆ ಹತ್ತಿರವಿರಬೇಕು. ಯಾಕಂದರೆ ಒತ್ತಡ ಹೆಚ್ಚಿದಂತೆ ಇಂಥ ಜೇಡಿಯ ಘರ್ಷಣೆಯ ಕೋನ ಇನ್ನಷ್ಟು ಇಳಿಯುತ್ತದೆ. ಆಮೇಲೆ ಕೆಳಗಿನ ತಟ್ಟೆ ತಿರುಗಲು ಶುರುವಾಗುತ್ತದೆ. ಮೇಲಿನ ತಟ್ಟೆ ತಿರುಗದಂತೆ ಎರಡು ತೋಳುಗಳು ಹಿಡಿದಿರುತ್ತವೆ, ಅವು ಎಷ್ಟು ಬಲದಿಂದ ಹಿಡಿಯಬೇಕಾಯ್ತು ಅನ್ನುವುದೇ ಮಣ್ಣಿನ ತಡೆಬಲ.

ಇಲ್ಲಿ ಅವಸರ ಮಾಡಿದರೆ ಕೆಲಸ ಕೆಟ್ಟಿತು. ಬೇಗ ತಿರುಗಿಸಿದರೆ ಜೇಡಿಯೊಳಗೆ ಸಿಕ್ಕಿಬಿದ್ದ ನೀರಿನ ಒತ್ತಡ ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ನಿಮಿಷಕ್ಕೆ 0.048 ಡಿಗ್ರಿಯಂಥ ವೇಗ ಇಡುತ್ತಾರೆ. ಆ ಲೆಕ್ಕದಲ್ಲಿ ಒಂದು ಸುತ್ತು ಮುಗಿಯಲು ಐದು ದಿನಕ್ಕೂ ಹೆಚ್ಚು ಬೇಕು. ಉಂಗುರದ ನಡುಗೆರೆಯಲ್ಲಿ ದಿನಕ್ಕೆ ಐದು ಸೆಂಟಿಮೀಟರ್ ಚಲನೆ. ಒಮ್ಮೆ ಸುಮ್ಮನೆ ಲೆಕ್ಕ ಹಾಕಿದೆ: ವಾರಕ್ಕೆ ಒಂದು ಅಡಿ ಅಂದರೆ ದಿನಕ್ಕೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ. 2024ರ ಆಗಸ್ಟ್‌ನಲ್ಲಿ ಆ ಇಡೀ ಗುಡ್ಡ, ಮೇಲಿದ್ದ ಮನೆ ಮರ ರಸ್ತೆಗಳ ಸಮೇತ, ಹೆಚ್ಚೂಕಮ್ಮಿ ನಮ್ಮ ಲ್ಯಾಬಿನ ಯಂತ್ರದ ವೇಗದಲ್ಲೇ ಓಡುತ್ತಿತ್ತು!

ಯಂತ್ರ ಮೋಸ ಮಾಡುವುದೂ ಇದೆ. ತಿರುಗುತ್ತಾ ತಿರುಗುತ್ತಾ ಜೇಡಿ ಸಂದಿಯಿಂದ ಹೊರಗೆ ಜಿನುಗುತ್ತದೆ, ಮೇಲಿನ ತಟ್ಟೆ ಗುಂಡಿಯೊಳಗೆ ಇಳಿಯುತ್ತದೆ, ಗೋಡೆಗೆ ಉಜ್ಜತೊಡಗುತ್ತದೆ. ಆಗ ಯಂತ್ರ ತೋರಿಸುವ ಬಲದಲ್ಲಿ ಮಣ್ಣಿನದ್ದೆಷ್ಟು, ಗೋಡೆಯದ್ದೆಷ್ಟು ಗೊತ್ತಾಗುವುದಿಲ್ಲ. ಇಳಿದು ಸಮತಟ್ಟಾಗಿದ್ದ ಗ್ರಾಫ್ ಮತ್ತೆ ನಿಧಾನಕ್ಕೆ ಏರತೊಡಗಿದರೆ ಅನುಮಾನ ಪಡಬೇಕು. ಸತ್ತ ಜೇಡಿಗೆ ಮತ್ತೆ ಜೀವ ಬರುವುದಿಲ್ಲ. ತಟ್ಟೆ ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ಇಳಿದಿದ್ದರೆ ಆ ಓದನ್ನು ನಂಬಬಾರದು ಅನ್ನುವುದು ಈ ಕ್ಷೇತ್ರದಲ್ಲಿ ಕಲಿತ ಪಾಠ. ಕೊನೆಗೆ ಯಂತ್ರ ಬಿಚ್ಚಿ ಮಣ್ಣನ್ನು ನೋಡಬೇಕು. ಜಾರಿದ ಮುಖ ಹೊಳೆಯುತ್ತಿದ್ದರೆ ಸಂಖ್ಯೆಯನ್ನು ಬರೆದುಕೊಳ್ಳಬಹುದು.

ಈಗ ಆ ಸಂಖ್ಯೆ ಏನು ಹೇಳುತ್ತದೆ ನೋಡೋಣ. ಘರ್ಷಣೆಯ ಕೋನ ಅನ್ನುವುದನ್ನು ಹೀಗೆ ತಿಳಿಯಿರಿ: ಹಲಗೆಯ ಮೇಲೆ ಒಂದು ವಸ್ತು ಇಟ್ಟು ಹಲಗೆಯನ್ನು ನಿಧಾನಕ್ಕೆ ಎತ್ತಿದರೆ ಎಷ್ಟು ಡಿಗ್ರಿಗೆ ಜಾರುತ್ತದೋ ಅದು. ಬೆಂಟೊನೈಟ್‌ನ ಉಳಿಕೆ ಕೋನ ಸಾಮಾನ್ಯವಾಗಿ 10 ಡಿಗ್ರಿಗಿಂತ ಕಡಿಮೆ. ಲೆಕ್ಕಕ್ಕೆ ಅಂತ ಒಂದು ಸರಳ ಗುಡ್ಡ ಇಟ್ಟುಕೊಳ್ಳೋಣ (ಇದು ಪೋರ್ಚುಗೀಸ್ ಬೆಂಡ್‌ನ ಅಳತೆಯಲ್ಲ, ಅಂಥದ್ದೊಂದರ ಮಾದರಿ). ಜಾರುಪದರದ ಇಳಿಜಾರು 6 ಡಿಗ್ರಿ, ಮೇಲಿನ ಮಣ್ಣಿನ ದಪ್ಪ 30 ಮೀಟರ್, ಉಳಿಕೆ ಕೋನ 8 ಡಿಗ್ರಿ. ಪದರದ ಹತ್ತಿರ ನೀರೇ ಇಲ್ಲದಿದ್ದರೆ ತಡೆಯುವ ಬಲ ತಳ್ಳುವ ಬಲದ 1.34 ಪಟ್ಟು. ಗುಡ್ಡ ನಿಲ್ಲುತ್ತದೆ. ನೀರು ಏರಿದಂತೆ ಅದು ಮೇಲಿನ ಮಣ್ಣನ್ನು ಒಳಗಿಂದ ಎತ್ತಿ ಹಿಡಿಯುತ್ತದೆ, ಪದರದ ಮೇಲಿನ ನಿಜವಾದ ಒತ್ತು ಕಮ್ಮಿಯಾಗುತ್ತದೆ, ಘರ್ಷಣೆಯೂ ಕಮ್ಮಿಯಾಗುತ್ತದೆ. ಪದರದಿಂದ ಮೇಲೆ ನೀರಿನ ಮಟ್ಟ ಸುಮಾರು 15 ಮೀಟರ್ ಮುಟ್ಟಿದಾಗ ಎರಡೂ ಬಲ ಸಮವಾಗುತ್ತವೆ. ಅಲ್ಲಿಂದ ಮುಂದೆ ಗುಡ್ಡ ಹೊರಡುತ್ತದೆ.

ಅದೇ ಗುಡ್ಡದಲ್ಲಿ ಹಿಂದೆಂದೂ ಜಾರದ, ಹಾಳೆಗಳು ಇನ್ನೂ ಚೆಲ್ಲಾಪಿಲ್ಲಿಯಾಗಿರುವ ಜೇಡಿ ಇದ್ದು ಕೋನ 20 ಡಿಗ್ರಿ ಇದ್ದಿದ್ದರೆ? ನೀರು ನೆಲದ ಮಟ್ಟದವರೆಗೆ ತುಂಬಿದರೂ ತಡೆಬಲ ತಳ್ಳುಬಲದ ಒಂದೂಮುಕ್ಕಾಲು ಪಟ್ಟು ಇರುತ್ತಿತ್ತು. ಎಂಥ ಮಳೆಗೂ ಜಗ್ಗುತ್ತಿರಲಿಲ್ಲ. ಅಂದರೆ ಮಳೆ ಅದೇ, ಇಳಿಜಾರು ಅದೇ. ಒಂದು ಕಡೆ ಏನೂ ಆಗುವುದಿಲ್ಲ, ಇನ್ನೊಂದು ಕಡೆ ಊರೇ ಹೋಗುತ್ತದೆ. "ಮಳೆಯಿಂದ ಆಯ್ತು" ಅನ್ನುವ ಮಾತು ಸುಳ್ಳಲ್ಲ, ಆದರೆ ಅದು ಕೊನೆಯ ತಳ್ಳುವಿಕೆಯನ್ನು ಮಾತ್ರ ಹೇಳುತ್ತದೆ.

ಒಂದು ಡಿಗ್ರಿ ಆಚೀಚೆಯಾದರೆ ಏನಾಗುತ್ತೆ ಅಂತಲೂ ನೋಡಿ. ಕೆಟ್ಟ ಪರೀಕ್ಷೆಯಿಂದ 8ರ ಬದಲು 9 ಡಿಗ್ರಿ ಬಂತು ಅಂದುಕೊಳ್ಳಿ. ಆಗ "ನೀರು 20 ಮೀಟರ್ ಏರುವವರೆಗೂ ಭಯವಿಲ್ಲ" ಅಂತ ವರದಿ ಹೇಳುತ್ತದೆ. ಗುಡ್ಡ 15ಕ್ಕೇ ಹೊರಟಿರುತ್ತದೆ. ಗೋಡೆಗೆ ಉಜ್ಜಿದ ತಟ್ಟೆಯೊಂದರಿಂದ ಐದು ಮೀಟರ್ ನೀರಿನ ಸುಳ್ಳು ಧೈರ್ಯ.

ಆಳದ ಜಾರುಪದರಕ್ಕೆ ನೀರು ಮುಟ್ಟಲು ವಾರ ಅಲ್ಲ, ತಿಂಗಳುಗಳೇ ಬೇಕು. ಎರಡು ಚಳಿಗಾಲದ ನೀರು ಬಿರುಕುಗಳಲ್ಲಿ, ಕಣಿವೆಗಳಲ್ಲಿ ಇಳಿದು ಒಟ್ಟಾಗುತ್ತಾ ಬಂದು ಆಗಸ್ಟ್‌ನಲ್ಲಿ ತನ್ನ ಕೆಲಸ ತೋರಿಸಿತು. ಇಂಥ ಗುಡ್ಡ ಧಡಾರ್ ಅಂತ ಕುಸಿಯದೆ ತೆವಳುವುದಕ್ಕೂ ಉಳಿಕೆ ಬಲವೇ ಕಾರಣ. ಕಳೆದುಕೊಳ್ಳಲು ಅದರ ಹತ್ತಿರ ಇನ್ನೇನೂ ಉಳಿದಿಲ್ಲ. ಮೊದಲ ಸಲ ಜಾರುವ ಮಣ್ಣು ಜಾರುತ್ತಿರುವಾಗಲೇ ಬಲ ಕಳೆದುಕೊಂಡು ವೇಗ ಪಡೆಯುತ್ತದೆ. ಹಳೇ ಪದರ ಹಾಗಲ್ಲ, ನೀರು ಏರಿದಷ್ಟು ಹೋಗುತ್ತದೆ, ಇಳಿದಷ್ಟು ನಿಧಾನಿಸುತ್ತದೆ. ಜನ ಸಾಯುವುದಿಲ್ಲ, ಮನೆಗಳು ಸಾಯುತ್ತವೆ.

ಇದೇ ನಿಧಾನ ರಾಜಕೀಯವಾಗಿ ದುಬಾರಿಯಾಯ್ತು. ರಸ್ತೆ, ಚರಂಡಿ, ನೀರೆತ್ತುವ ಬಾವಿಗಳಿಗೆ ಖರ್ಚು ಮಾಡಿದ ನಗರಾಡಳಿತ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಹತ್ತಿರ ಹಣ ಕೇಳಿತು. 2023-24ರ ಬಿರುಮಳೆಯನ್ನು ವಿಪತ್ತು ಅಂತ ಅಧಿಕೃತವಾಗಿ ಘೋಷಿಸಲಾಗಿತ್ತಲ್ಲ, ಅದರ ಅಡಿಯಲ್ಲಿ. ಫೆಮಾ ಕೊಟ್ಟ ಉತ್ತರ: ಆ ಮಳೆಗೂ ಮುಂಚೆಯೇ ನೆಲ ಚಲಿಸುತ್ತಿತ್ತು, ಆದ್ದರಿಂದ ಇದು ಅರ್ಹವಲ್ಲ.

ಈ ಉತ್ತರದ ಚಾಲಾಕಿತನ ಗಮನಿಸಿ. ನೆಲ ಮೊದಲೇ ಚಲಿಸುತ್ತಿತ್ತು ಅನ್ನುವುದು ನಿಜ. ಆದರೆ ಮೊದಲೇ ಚಲಿಸಿದ್ದ ನೆಲ ಮಾತ್ರ ಇಷ್ಟು ಮಳೆಗೆ ಹೀಗೆ ಓಡಲು ಸಾಧ್ಯ. ನಮ್ಮ ಮಾದರಿ ಗುಡ್ಡದಲ್ಲಿ ನೀರು ಒಂದು ಮೀಟರ್ ಏರಿದರೆ ತಡೆಬಲ ತಳ್ಳುಬಲದ ನೂರಕ್ಕೆ ಎರಡರಷ್ಟು ಇಳಿಯುತ್ತದೆ. ಆರೋಗ್ಯವಂತ ಇಳಿಜಾರಿಗೆ ಅದು ಲೆಕ್ಕಕ್ಕೇ ಇಲ್ಲ, ಸಮತೋಲದ ಗೆರೆಯ ಮೇಲೆ ನಿಂತಿರುವ ಇಳಿಜಾರಿಗೆ ಅದೇ ಎಲ್ಲ. ಹಳೇ ಗಾಯ ಮತ್ತು ಹೊಸ ಮಳೆಯಲ್ಲಿ ಒಂದನ್ನೇ ಆರಿಸಿ ಅನ್ನುವುದು, ಮೊದಲೇ ಆಸ್ತಮಾ ಇತ್ತು ಅಂತ ಹೊಗೆ ಕುಡಿದು ಬಿದ್ದವನ ಇನ್ಶೂರೆನ್ಸ್ ನಿರಾಕರಿಸಿದ ಹಾಗೆ.

ಅಚ್ಚರಿಯೆಂದರೆ ಅದೇ ಗುಡ್ಡದ ಬಗ್ಗೆ ಅರವತ್ತು ವರ್ಷ ಹಿಂದೆಯೇ ಕೋರ್ಟೊಂದು ಇದಕ್ಕಿಂತ ಚೆನ್ನಾಗಿ ಯೋಚಿಸಿತ್ತು. 1956ರಲ್ಲಿ ಮನೆ ಕಳೆದುಕೊಂಡವರು ಕೌಂಟಿಯ ಮೇಲೆ ಕೇಸು ಹಾಕಿದರು. ಇಳಿಜಾರಿನ ತಲೆಯಲ್ಲಿ ಸುರಿದ ಮಣ್ಣು ತಳ್ಳುವ ಭಾರ ಹೆಚ್ಚಿಸುತ್ತದೆ, ಬುಡದಲ್ಲಿ ಸುರಿದಿದ್ದರೆ ಅದೇ ಮಣ್ಣು ತಡೆಯುತ್ತಿತ್ತು. ಕೌಂಟಿ ಸುರಿದಿದ್ದು ತಲೆಯಲ್ಲಿ. ಗುಡ್ಡ ಮೊದಲೇ ದುರ್ಬಲವಾಗಿತ್ತು, ಮನೆಗಳ ಶೌಚದ ಗುಂಡಿಗಳಿಂದಲೂ ನೀರು ಇಳಿಯುತ್ತಿತ್ತು, ಇದೆಲ್ಲ ನಿಜವೇ. ಕೌಂಟಿ ನಿರ್ಲಕ್ಷ್ಯ ಮಾಡಿಲ್ಲ ಅಂತಲೇ ತೀರ್ಮಾನವಾಯ್ತು. ಆದರೂ 1965ರಲ್ಲಿ ಆಲ್ಬರ್ಸ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೌಂಟಿ ಪರಿಹಾರ ಕೊಡಬೇಕು ಅಂತ ಎತ್ತಿಹಿಡಿಯಿತು. ಸಾರ್ವಜನಿಕ ಕಾಮಗಾರಿಯೊಂದು ಖಾಸಗಿ ಆಸ್ತಿಗೆ ನೇರವಾಗಿ ಹಾನಿ ಮಾಡಿದ್ದರೆ, ಆ ಹಾನಿಯನ್ನು ಮುಂಚೆಯೇ ಊಹಿಸಬಹುದಿತ್ತೋ ಇಲ್ಲವೋ ಅನ್ನುವುದು ಮುಖ್ಯವಲ್ಲ ಅನ್ನುವುದು ಅದರ ತಿರುಳು. ಎಲ್ಲರಿಗಾಗಿ ಹಾಕುವ ರಸ್ತೆಯ ಬೆಲೆಯನ್ನು ಅದರ ಕೆಳಗೆ ಸಿಕ್ಕವರೊಬ್ಬರೇ ಯಾಕೆ ಕೊಡಬೇಕು?

ಇದನ್ನೆಲ್ಲ ಓದಿ ಕೊಡಗಿನ 2018, ಶಿರೂರಿನ 2024 ನೆನಪಾದರೆ ತಪ್ಪಲ್ಲ, ನನಗೂ ಆಗುತ್ತದೆ. ಆದರೆ ಸಂಖ್ಯೆಗಳನ್ನು ಹಾಗೇ ಎತ್ತಿ ಅಲ್ಲಿ ಇಡಬೇಡಿ. ನಮ್ಮ ಘಟ್ಟದ ಹೆಚ್ಚಿನ ಕುಸಿತಗಳು ಬಂಡೆಯ ಮೇಲೆ ಕೂತ ಜಂಬಿಟ್ಟಿಗೆ ಮತ್ತು ಸವೆದ ಮಣ್ಣು ಮಳೆಯಲ್ಲಿ ಮೊದಲ ಸಲ ಕಳಚಿ ನಿಮಿಷಗಳಲ್ಲಿ ಕೆಳಗೆ ಬರುವಂಥವು. ಅಲ್ಲಿ ಉಳಿಕೆ ಬಲಕ್ಕಿಂತ ಗುಡ್ಡದ ಬುಡ ಕಡಿದ ಕೋನ, ನೀರು ಹರಿಯುವ ದಾರಿ, ಒಂದು ದಿನದ ಮಳೆಯ ಲೆಕ್ಕ ಮುಖ್ಯ. ಕೇಳಬೇಕಾದ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ: ಈ ಇಳಿಜಾರಿನಲ್ಲಿ ಮಳೆಗೂ ಮುನ್ನ ಎಷ್ಟು ಬಲ ಮಿಕ್ಕಿತ್ತು, ಅದನ್ನು ತಿಂದಿದ್ದು ಯಾರು? ಭೂಕುಸಿತದ ವರದಿ ಕೈಗೆ ಸಿಕ್ಕರೆ, ಮಣ್ಣಿನ ಮಾದರಿ ತೆಗೆದಿದ್ದು ಜಾರಿದ ಪದರದಿಂದಲೋ ಅಥವಾ ಕೈಗೆ ಸಿಕ್ಕ ಬೋರ್‌ಹೋಲ್‌ನಿಂದಲೋ ಅಂತ ಮೊದಲು ನೋಡಿ. ಜಾರುಪದರದ ದಪ್ಪ ಕೆಲವೇ ಮಿಲಿಮೀಟರ್ ಇರಬಹುದು, ಅದರ ಒಂದು ಗೇಣು ಮೇಲಿನ ಮಣ್ಣು ಬೇರೆಯೇ ಕಥೆ ಹೇಳುತ್ತದೆ.

ಪರೀಕ್ಷೆಗೂ ಮಿತಿ ಇದೆ. ಜೇಡಿ ಎಷ್ಟು ಜಾರು ಅಂತ ಅದು ಹೇಳುತ್ತದೆ, ಜಾರುಪದರ ಎಲ್ಲಿದೆ ಅಂತ ಹೇಳುವುದಿಲ್ಲ. 2024ರಲ್ಲಿ ಪೋರ್ಚುಗೀಸ್ ಬೆಂಡ್‌ನಲ್ಲಿ ಹೊಸದಾಗಿ ಕೊರೆದು ನೋಡಿದಾಗ, ಅದುವರೆಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದ ಪದರಕ್ಕಿಂತ ತುಂಬಾ ಕೆಳಗೆ, ಸುಮಾರು 330 ಅಡಿ ಆಳದಲ್ಲಿ ಇನ್ನೊಂದು ಪದರ ಚಲಿಸುತ್ತಿರುವುದು ಕಂಡಿತು. ಮೇಲಿನ ಪದರಕ್ಕೆ ಅಂತ ಹಾಕಿಕೊಂಡಿದ್ದ ಯೋಜನೆಗಳನ್ನು ಮತ್ತೆ ಕೂತು ಯೋಚಿಸಬೇಕಾಯ್ತು. ಆಳದ ಬಾವಿಗಳನ್ನು ಕೊರೆದು ನೀರೆತ್ತಲು ಶುರುಮಾಡಿದರು. ಬಿರುಕುಗಳನ್ನು ಮುಚ್ಚಿದರು. ಮುಂದಿನ ತಿಂಗಳುಗಳಲ್ಲಿ ಮಳೆಯೂ ಕಡಿಮೆಯಾಗಿ ಚಲನೆಯ ವೇಗ ಗಣನೀಯವಾಗಿ ಇಳಿಯಿತು.

ನಿಂತಿಲ್ಲ, ಇಳಿದಿದೆ ಅಷ್ಟೇ. ಜೇಡಿಯ ಕೋನ ಬದಲಿಸಲು ಯಾರಿಗೂ ಬರುವುದಿಲ್ಲ, ಬದಲಿಸಬಹುದಾದದ್ದು ನೀರಿನ ಮಟ್ಟ ಮಾತ್ರ. ಹಾಗಾಗಿ ಆ ಪಂಪುಗಳು ತಿರುಗುತ್ತಲೇ ಇರಬೇಕು, ಜಾರುವ ನೆಲದಲ್ಲಿ ಪೈಪು ಮುರಿದಾಗೆಲ್ಲ ಹೊಸ ಬಾವಿ ಕೊರೆಯಬೇಕು. 1978ರಲ್ಲಿ ಪಕ್ಕದ ಅಬಲೋನಿ ಕೋವ್ ಜಾರಿದ ಮೇಲೆ ಅಲ್ಲಿನ ನಿವಾಸಿಗಳು ತಮ್ಮದೇ ಭೂಕುಸಿತ ತಡೆ ಮಂಡಳಿ ಕಟ್ಟಿಕೊಂಡು, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು 1980ರ ದಶಕದಿಂದ ನೀರೆತ್ತುತ್ತಾ ಬಂದಿದ್ದಾರೆ. 2024ರ ಅಕ್ಟೋಬರ್‌ನಲ್ಲಿ 4.2 ಕೋಟಿ ಡಾಲರ್‌ನ ಒಂದು ಯೋಜನೆ ಘೋಷಣೆಯಾಯ್ತು: ಬಿಟ್ಟುಕೊಡಲು ಒಪ್ಪುವ ಕೆಲವರ ಮನೆ ಕೊಂಡು, ಕೆಡವಿ, ಆ ಜಾಗವನ್ನು ಇನ್ಯಾವತ್ತೂ ಏನೂ ಕಟ್ಟದಂತೆ ಖಾಲಿ ಬಿಡುವುದು. ಸುಮಾರು ಇಪ್ಪತ್ತು ಮನೆಗೆ ಸಾಕಾಗುವಷ್ಟು ದುಡ್ಡು. ಉಳಿದವರು ಬಾವಿಗಳ ಕರೆಂಟ್ ಬಿಲ್ ಕಟ್ಟುತ್ತಿದ್ದಾರೆ.